ಡ್ಯಾಶ್‌ಬೋರ್ಡ್‌ನ ಮೊತ್ತ ಬದಲಾದದ್ದು ಯಾವ ಸಾಲಿನಿಂದ?

ಡ್ಯಾಶ್‌ಬೋರ್ಡ್‌ನಲ್ಲಿ ನಿನ್ನೆ ಕಂಡ ಮೊತ್ತ ಇಂದು ಬೇರೆಯಾಗಿದ್ದರೆ, ಒಂದೋ ಮೂಲ ದತ್ತಾಂಶ ಬದಲಾಗಿರಬೇಕು, ಇಲ್ಲವೇ ಅದನ್ನು ಲೆಕ್ಕ ಹಾಕುವ ಕ್ವೆರಿಯನ್ನು ಯಾರೋ ತಿದ್ದಿರಬೇಕು. ಮೂಲದಿಂದ ಹೊಸ ದತ್ತಾಂಶ ತರುವ ರಿಫ್ರೆಶ್‌ನ ಇತಿಹಾಸವನ್ನು ತೆರೆದು ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ: ಆರಂಭವಾದ ಹೊತ್ತು, ಮುಗಿದ ಹೊತ್ತು, ಯಶಸ್ವಿ ಎಂಬ ಗುರುತು. ಯಾವ ಕ್ವೆರಿ ಓಡಿತು, ಅದನ್ನು ಯಾರು ತಿದ್ದಿದರು ಎಂಬುದು ಅಲ್ಲಿ ಸಿಗುವುದಿಲ್ಲ.

ಮೈಕ್ರೋಸಾಫ್ಟ್‌ನ ಡ್ಯಾಶ್‌ಬೋರ್ಡ್ ತಂತ್ರಾಂಶವಾದ ಪವರ್ ಬಿಐ ಬಳಸುವವರು ಈ ಕುರುಡುತನವನ್ನು ದೀರ್ಘಕಾಲ ಅನುಭವಿಸಿದ್ದಾರೆ. 2015ರಲ್ಲಿ ಅದು ಸಾರ್ವಜನಿಕ ಬಳಕೆಗೆ ಬಂದಾಗ ಕ್ವೆರಿ, ಸೂತ್ರ, ಚಿತ್ರಗಳ ವಿನ್ಯಾಸ, ಕೊನೆಗೆ ದತ್ತಾಂಶವೂ ಒಂದೇ `.pbix` ಕಡತದಲ್ಲಿ ಅಡಕವಾಗಿದ್ದವು. ಅದು ಸಂಕುಚಿತ ಕಡತ. ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನಲ್ಲಿ ಇಟ್ಟರೂ, ಕಡತ ಬದಲಾಗಿದೆ ಎನ್ನುವುದಷ್ಟೇ ತಿಳಿಯುತ್ತಿತ್ತು. ಏನು ಬದಲಾಗಿದೆ ಎಂದು ತಿಳಿಯುತ್ತಿರಲಿಲ್ಲ. ಇಬ್ಬರು ಏಕಕಾಲಕ್ಕೆ ತಿದ್ದಿದರೆ ಒಬ್ಬರ ಕೆಲಸವನ್ನು ಬಿಡಲೇಬೇಕು. ಹೀಗಾಗಿ ಕಡತದ ಹೆಸರಿಗೆ ದಿನಾಂಕ ಅಂಟಿಸುವುದೇ ಎಷ್ಟೋ ಕಚೇರಿಗಳಲ್ಲಿ ಆವೃತ್ತಿ ನಿರ್ವಹಣೆಯಾಯಿತು.

ಬೇರೆ ದಾರಿ ಇರಲಿಲ್ಲವೆಂದಲ್ಲ. 2012ರಲ್ಲಿ ಶುರುವಾದ ಲುಕರ್ ಕಂಪನಿ ಲೆಕ್ಕದ ವ್ಯಾಖ್ಯೆಗಳನ್ನು ಲುಕ್‌ಎಂಎಲ್ ಎಂಬ ಪಠ್ಯಭಾಷೆಯಲ್ಲಿ ಬರೆಸಿ ಗಿಟ್‌ಗೆ ಜೋಡಿಸಿತು. ಗ್ರಾಫಾನಾ ಎಂಬ ಡ್ಯಾಶ್‌ಬೋರ್ಡ್ ಉಪಕರಣ 2018ರ ತನ್ನ 5.0 ಆವೃತ್ತಿಯಲ್ಲಿ ಡ್ಯಾಶ್‌ಬೋರ್ಡ್‌ಗಳನ್ನು ಕಡತಗಳಿಂದ ಓದಿಕೊಳ್ಳುವ ಸೌಲಭ್ಯ ಕೊಟ್ಟಿತು. ಪವರ್ ಬಿಐ ಬಳಗದಲ್ಲಿ ಟ್ಯಾಬ್ಯುಲರ್ ಎಡಿಟರ್‌ನಂಥ ಹೊರಗಿನ ಉಪಕರಣಗಳೇ ಆ ಕೊರತೆಯನ್ನು ತುಂಬುತ್ತಿದ್ದವು. ಮೈಕ್ರೋಸಾಫ್ಟ್ ತಾನೇ 2023ರ ಜೂನ್‌ನಲ್ಲಿ ಪಿಬಿಐಪಿ ಎಂಬ ಯೋಜನಾ ರೂಪವನ್ನು ಪೂರ್ವವೀಕ್ಷಣೆಗೆ ಬಿಟ್ಟಿತು. ಆ ಬಳಿಕ ಬಂದ ಟಿಎಂಡಿಎಲ್ ರೂಪದಲ್ಲಿ ಪ್ರತಿ ಕೋಷ್ಟಕಕ್ಕೂ ಓದಬಲ್ಲ ಒಂದೊಂದು ಪಠ್ಯ ಕಡತ. ದತ್ತಾಂಶವಿರುವ `cache.abf` ಪ್ರತ್ಯೇಕ. ಅದನ್ನು `.gitignore` ಪಟ್ಟಿಗೆ ಸೇರಿಸಿ ಗಿಟ್‌ನಿಂದ ಹೊರಗಿಡುತ್ತಾರೆ.

ಇದರಿಂದಾದ ಲಾಭವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಮಾರಾಟದ ಕೋಷ್ಟಕ ದೊಡ್ಡದಾಗಿದ್ದರೆ ಪ್ರತಿ ರಾತ್ರಿ ಎಲ್ಲವನ್ನೂ ತರುವ ಬದಲು ಅದನ್ನು ಅವಧಿಗಳಾಗಿ ವಿಭಾಗಿಸಿ, ಇತ್ತೀಚಿನ ವಿಭಾಗಗಳನ್ನಷ್ಟೇ ರಿಫ್ರೆಶ್ ಮಾಡುತ್ತಾರೆ. ವಿಭಾಗದ ಎರಡು ತುದಿಗಳನ್ನು `RangeStart` ಮತ್ತು `RangeEnd` ಹೇಳುತ್ತವೆ. ಒಂದು ದಿನ ಯಾರೋ, ಕೊನೆಯ ದಿನ ತಪ್ಪಿಹೋಗುತ್ತಿದೆಯೆಂದು ಭಾವಿಸಿ, ಹೀಗೆ ತಿದ್ದಿದರು ಎಂದುಕೊಳ್ಳಿ:

```
- each [OrderDate] >= RangeStart and [OrderDate] < RangeEnd
+ each [OrderDate] >= RangeStart and [OrderDate] <= RangeEnd
```

ಸೇರಿದ್ದು ಒಂದೇ ಸಮ ಚಿಹ್ನೆ. ಆದರೆ ಜೂನ್ ವಿಭಾಗದ ಅಂತ್ಯ ಜುಲೈ 1ರ ಶೂನ್ಯ ಗಂಟೆ. ಜುಲೈ ವಿಭಾಗದ ಆರಂಭವೂ ಅದೇ. `OrderDate`ನಲ್ಲಿ ಗಂಟೆ ನಮೂದಾಗದೆ ದಿನಾಂಕವಷ್ಟೇ ಇದ್ದರೆ ಜುಲೈ 1ರ ಎಲ್ಲ ಆರ್ಡರ್‌ಗಳೂ ಶೂನ್ಯ ಗಂಟೆಯವೇ. ಅವು ಎರಡೂ ವಿಭಾಗಗಳಿಗೆ ಸೇರುತ್ತವೆ. ಅಂದು 200 ಆರ್ಡರ್ ಬಂದಿದ್ದರೆ ಡ್ಯಾಶ್‌ಬೋರ್ಡ್ 400 ತೋರಿಸುತ್ತದೆ. ರಿಫ್ರೆಶ್ ಮಾತ್ರ ಯಾವ ದೋಷವನ್ನೂ ಹೇಳದೆ ಮುಗಿಯುತ್ತದೆ. ತಿಂಗಳ ಮೊತ್ತದಲ್ಲಿ ಇದು ವ್ಯಾಪಾರ ಕೊಂಚ ಏರಿದಂತೆ ಕಾಣುತ್ತದೆಯಷ್ಟೆ. ದಿನವಾರು ಬಿಡಿಸಿ ನೋಡಿದಾಗ ವಿಭಾಗಗಳ ಗಡಿಗೆ ಬರುವ ದಿನಗಳು ಮಾತ್ರ ದುಪ್ಪಟ್ಟಾಗಿರುವುದು ಗೊತ್ತಾಗುತ್ತದೆ.

`.pbix` ಕಾಲದಲ್ಲಿ ಈ ಹಂತಕ್ಕೆ ಬಂದವರೂ ಮುಂದೆ ಊಹೆಯನ್ನೇ ನಂಬಬೇಕಿತ್ತು. ಈಗ ಒಂದು ಆದೇಶ ಸಾಕು:

```
git log -p -- Sales.SemanticModel/definition/tables/Orders.tmdl
```

ಬದಲಾದ ಸಾಲು, ತಿದ್ದಿದವರ ಹೆಸರು, ದಿನಾಂಕ, ಕೊಟ್ಟ ಕಾರಣ ಎಲ್ಲವೂ ಕಾಣುತ್ತವೆ. ಇದಕ್ಕಿಂತ ಮುಖ್ಯವಾದದ್ದು ಪರಿಶೀಲನೆ. ಮುಖ್ಯ ಶಾಖೆಗೆ ಸೇರುವ ಮುನ್ನ ಇನ್ನೊಬ್ಬರು ಓದಲೇಬೇಕೆಂಬ ನಿಯಮವಿದ್ದರೆ, ಈ ಎರಡು ಸಾಲುಗಳು ಪಕ್ಕಪಕ್ಕದಲ್ಲೇ ಅವರ ಕಣ್ಣಿಗೆ ಬೀಳುತ್ತವೆ. ನನ್ನ ಅಭಿಪ್ರಾಯದಲ್ಲಿ ಪರಿಶೀಲಕರು ಗ್ರಾಫ್‌ನ ಬಣ್ಣಗಳಿಗೆ ಹೊತ್ತು ಕಳೆಯದೆ ಮೊದಲು ಶೋಧನೆಯ ಷರತ್ತುಗಳನ್ನೂ ಕೋಷ್ಟಕಗಳ ಜೋಡಣೆಯನ್ನೂ ನೋಡಬೇಕು. ಸದ್ದಿಲ್ಲದೆ ಮೊತ್ತ ಕೆಡುವುದು ಅಲ್ಲಿಯೇ. ತಿದ್ದುಪಡಿಯ ಹಿಂದಿನ ಮತ್ತು ಮುಂದಿನ ದಿನವಾರು ಸಾಲುಗಳ ಎಣಿಕೆಯನ್ನು ಜೊತೆಗಿಡುವಂತೆ ಕೇಳಿದರೆ ಇಂಥ ದೋಷ ಅಡಗಿ ಕೂರಲಾರದು.

ಗಿಟ್ ಕೈಗೆ ಸಿಗದ ಭಾಗಗಳೂ ಇವೆ. ರಿಫ್ರೆಶ್ ವೇಳಾಪಟ್ಟಿ ಮತ್ತು ಮೂಲ ದತ್ತಾಂಶದ ಪಾಸ್‌ವರ್ಡ್‌ಗಳು ಪವರ್ ಬಿಐ ಸೇವೆಯಲ್ಲಿ ಇರುತ್ತವೆ, ಕಡತಗಳಲ್ಲಿ ಇರುವುದಿಲ್ಲ. ಹಿಂದಿನ ಕಮಿಟ್‌ಗೆ, ಅಂದರೆ ಗಿಟ್‌ನಲ್ಲಿ ದಾಖಲಾದ ಹಿಂದಿನ ಸ್ಥಿತಿಗೆ, ಮರಳಿದರೆ ಕ್ವೆರಿ ಮರಳುತ್ತದೆ, ಆದರೆ ಆಗಲೇ ತುಂಬಿದ ಇಮ್ಮಡಿ ಸಾಲುಗಳು ಹಳೆಯ ವಿಭಾಗಗಳನ್ನೂ ರಿಫ್ರೆಶ್ ಮಾಡುವವರೆಗೆ ಉಳಿಯುತ್ತವೆ. ಯಾರಾದರೂ ಗಿಟ್ ಅನ್ನು ಬದಿಗಿಟ್ಟು ಪವರ್ ಬಿಐ ಡೆಸ್ಕ್‌ಟಾಪ್‌ನಿಂದ ನೇರ ಪ್ರಕಟಿಸಿದರಂತೂ ದಾಖಲೆಗೂ ಓಡುತ್ತಿರುವುದಕ್ಕೂ ಸಂಬಂಧವೇ ಕಡಿದುಹೋಗುತ್ತದೆ. ಆದ್ದರಿಂದ ಪ್ರಕಟಿಸುವ ಅಧಿಕಾರವನ್ನು ಸ್ವಯಂಚಾಲಿತ ವ್ಯವಸ್ಥೆಗೆ ಮಾತ್ರ ಕೊಟ್ಟು, ಕಮಿಟ್ ಸಂಖ್ಯೆಯನ್ನು ಅದು ಒಂದು ಪುಟ್ಟ ಕೋಷ್ಟಕದಲ್ಲಿ ಬರೆದು ಡ್ಯಾಶ್‌ಬೋರ್ಡ್‌ನ ಮೂಲೆಯಲ್ಲಿ ತೋರಿಸುವಂತೆ ಮಾಡಬೇಕು. ಮೊತ್ತ ಬದಲಾದಾಗ ಸಂಖ್ಯೆ ಹಿಂದಿನದೇ ಆಗಿದ್ದರೆ ಮೂಲ ದತ್ತಾಂಶವನ್ನು ಕೆದಕಿ ನೋಡಬೇಕು. ಸಂಖ್ಯೆ ಹೊಸದಾಗಿದ್ದರೆ ಆ ಕಮಿಟ್ ಅನ್ನು ಮೊದಲು ತೆರೆಯಬೇಕು.