ಕೊಬ್ಬರಿಯ ಕಾರ್ಬೋಹೈಡ್ರೇಟನ್ನು ಅಳೆದವರು ಯಾರು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಆಹಾರ ಕೋಷ್ಟಕದಲ್ಲಿ ಒಣ ಕೊಬ್ಬರಿಯ ಸಾಲು ಹೀಗಿದೆ: ನೂರು ಗ್ರಾಮಿನಲ್ಲಿ ತೇವಾಂಶ 4.3 ಗ್ರಾಂ, ಪ್ರೋಟೀನ್ 6.8, ಕೊಬ್ಬಿನಂಶ 62.3, ಖನಿಜ 1.6, ನಾರು 6.6, ಕಾರ್ಬೋಹೈಡ್ರೇಟ್ 18.4. ಕೂಡಿಸಿ ನೋಡಿ, ಸರಿಯಾಗಿ 100 ಬರುತ್ತದೆ. ಆರು ಬೇರೆ ಬೇರೆ ಅಳತೆಗಳು ಒಂದು ದಶಮಾಂಶವೂ ಆಚೀಚೆಯಾಗದೆ ನೂರಕ್ಕೆ ಬಂದು ನಿಂತವೆಂದರೆ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರು ಯಾರೂ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ. ಅಳೆದದ್ದು ಐದನ್ನು ಮಾತ್ರ. ಆರನೆಯದು ನೂರರಿಂದ ಆ ಐದನ್ನು ಕಳೆದಾಗ ಉಳಿದದ್ದು.

ಕಾಸರಗೋಡಿನ ನಮಗೆ ಈ ಸಾಲು ದೂರದ ವಿಷಯವಲ್ಲ. ಇಲ್ಲಿನ ಕುಡ್ಲುವಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಮೂಲ, ಈ ನೆಲ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ 1916ರಲ್ಲಿ ತೆರೆದ ತೆಂಗು ಸಂಶೋಧನಾ ಕೇಂದ್ರ. ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸುವ ತೆಂಗಿನ ಚಿಪ್ಸ್ ತಯಾರಿಕೆಯನ್ನು ಅದೇ ಸಂಸ್ಥೆ ಜನರಿಗೆ ಕಲಿಸಿತು. ಅಂಥ ಚಿಪ್ಸನ್ನು ಪೊಟ್ಟಣ ಕಟ್ಟಿ ಮಾರುವವರು ಇಂದು ಶಕ್ತಿ, ಪ್ರೋಟೀನ್, ಕಾರ್ಬೋಹೈಡ್ರೇಟ್, ಕೊಬ್ಬು ಎಲ್ಲವನ್ನೂ ಲೇಬಲ್ಲಿನಲ್ಲಿ ಅಚ್ಚು ಹಾಕಿಸಬೇಕು. ಸಕ್ಕರೆ ಕಾಯಿಲೆಯವರು ಮೊದಲು ನೋಡುವುದು ಕಾರ್ಬೋಹೈಡ್ರೇಟಿನ ಸಾಲನ್ನೇ. ಲೇಬಲ್ಲಿನಲ್ಲಿ ಯಾರೂ ನೇರವಾಗಿ ಅಳೆಯದ ಸಂಖ್ಯೆ ಸಾಮಾನ್ಯವಾಗಿ ಅದೇ ಆಗಿರುತ್ತದೆ.

ಈ ಲೆಕ್ಕ ಹುಟ್ಟಿದ್ದು ಮನುಷ್ಯರ ಊಟಕ್ಕಾಗಿ ಅಲ್ಲ. ಜರ್ಮನಿಯ ಗಾಟಿಂಗೆನ್ ಪಕ್ಕದ ವೀಂಡೆ ಎಂಬ ಊರಿನ ಕೃಷಿ ಪ್ರಯೋಗ ಕೇಂದ್ರದಲ್ಲಿ 1860ರ ಸುಮಾರಿಗೆ ವಿಲ್ಹೆಲ್ಮ್ ಹೆನ್ನೆಬರ್ಗ್ ಮತ್ತು ಫ್ರೀಡ್ರಿಕ್ ಸ್ಟೋಮನ್ ದನಗಳ ಮೇವನ್ನು ಪರೀಕ್ಷಿಸುತ್ತಿದ್ದರು. ಒಣಗಿಸಿದಾಗ ಹೋದದ್ದು ನೀರು, ಸುಟ್ಟಾಗ ಉಳಿದದ್ದು ಬೂದಿ ಅಂದರೆ ಖನಿಜ, ಈಥರಿನಲ್ಲಿ ಕರಗಿದ್ದು ಕೊಬ್ಬು, ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನ್, ಆಮ್ಲದಲ್ಲೂ ಕ್ಷಾರದಲ್ಲೂ ಕುದಿಸಿದ ಮೇಲೂ ಕರಗದೆ ನಿಂತದ್ದು ನಾರು. ಇಷ್ಟನ್ನೂ ನೂರರಿಂದ ಕಳೆದು ಉಳಿದದ್ದನ್ನು ಅವರು ಸಾರಜನಕವಿಲ್ಲದ ಸಾರ ಎಂದು ಕರೆದರು. ಒಂದು ಹುಲ್ಲಿಗಿಂತ ಇನ್ನೊಂದು ಹುಲ್ಲು ಮೇಲೋ ಕೀಳೋ ಎಂದು ತೂಗಿ ನೋಡಲು ಅಷ್ಟು ಸಾಕಾಗಿತ್ತು. ಅದಕ್ಕೆ ಪ್ರಾಕ್ಸಿಮೇಟ್ ವಿಶ್ಲೇಷಣೆ ಎಂಬ ಹೆಸರು ನಿಂತಿತು.

ಆಮೇಲೆ ಅಳೆಯುವ ಸಲಕರಣೆಗಳು ಒಂದೊಂದಾಗಿ ಸುಧಾರಿಸಿದವು. ಕೊಬ್ಬು ತೆಗೆಯುವ ಸಾಕ್ಸ್‌ಲೆಟ್ ಗಾಜಿನ ಸಾಧನ 1879ರಲ್ಲಿ ಬಂತು, ಸಾರಜನಕ ಅಳೆಯುವ ಕೆಲ್ಡಾಲ್ ವಿಧಾನ 1883ರಲ್ಲಿ. ಕಳೆಯುವ ಲೆಕ್ಕ ಮಾತ್ರ ಇದ್ದಂತೆಯೇ ಉಳಿಯಿತು. ಅಮೆರಿಕದಲ್ಲಿ ವಿಲ್ಬರ್ ಅಟ್‌ವಾಟರ್ 1890ರ ದಶಕದಲ್ಲಿ ಮನುಷ್ಯರ ಆಹಾರದ ಕೋಷ್ಟಕ ಕಟ್ಟಿದಾಗ ಇದೇ ದಾರಿ ಹಿಡಿದರು. ಗ್ರಾಮಿಗೆ ಪ್ರೋಟೀನಿಗೆ 4, ಕೊಬ್ಬಿಗೆ 9, ಕಾರ್ಬೋಹೈಡ್ರೇಟಿಗೆ 4 ಕಿಲೊಕ್ಯಾಲರಿ ಎಂಬ ಗುಣಕಗಳೂ ಅವರ ಕೆಲಸದಿಂದಲೇ ಬಂದವು. ನಮ್ಮ ದೇಶದಲ್ಲಿ ನೀಲಗಿರಿಯ ಕೂನೂರಿನ ಪ್ರಯೋಗಶಾಲೆಯಿಂದ ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಕೋಷ್ಟಕ ಹೊರತಂದರು. ಆ ಪ್ರಯೋಗಶಾಲೆಯೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಕೊಬ್ಬರಿಯ 18.4 ನಮ್ಮವರೆಗೆ ಬಂದದ್ದು ಈ ಪರಂಪರೆಯಿಂದ.

ಮನೆ ಖರ್ಚಿನ ಲೆಕ್ಕದಲ್ಲಿ ಎಲ್ಲ ಬರೆದ ಮೇಲೆ ತಾಳೆಯಾಗದ ಹಣವನ್ನು ‘ಇತರೆ’ ಎಂದು ಬರೆಯುವ ರೂಢಿಯಿದೆ. ಕಳೆದು ಪಡೆದ ಕಾರ್ಬೋಹೈಡ್ರೇಟ್ ಆ ಕಲಮಿನಂತೆ. ಬೇರೆ ಯಾವ ಅಳತೆ ಕಡಿಮೆ ಬಂದರೂ ಅಷ್ಟೂ ಇಲ್ಲಿ ಹೆಚ್ಚಾಗುತ್ತದೆ, ಯಾವುದು ಹೆಚ್ಚು ಬಂದರೂ ಅಷ್ಟೂ ಇಲ್ಲಿ ಇಳಿಯುತ್ತದೆ. ತಪ್ಪು ಎಷ್ಟೇ ದೊಡ್ಡದಿದ್ದರೂ ಮೊತ್ತ ನೂರೇ ಆಗುವುದರಿಂದ ಮೊತ್ತ ನೋಡಿ ತಪ್ಪು ಹಿಡಿಯಲು ಆಗುವುದಿಲ್ಲ.

ಕೊಬ್ಬರಿಯಲ್ಲಿ ಇದು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಕೊಬ್ಬಿನಂಶದ ಅಳತೆಯಲ್ಲಿ. ಪುಡಿ ಮಾಡುವಾಗಲೇ ಕಷ್ಟ ಶುರುವಾಗುತ್ತದೆ. ಮಿಕ್ಸಿ ಬಿಸಿಯಾದರೆ ಎಣ್ಣೆ ಬಿಟ್ಟು ಬ್ಲೇಡಿಗೂ ಜಾರಿನ ಗೋಡೆಗೂ ಮೆತ್ತಿಕೊಳ್ಳುತ್ತದೆ, ತೂಕಕ್ಕೆ ತೆಗೆದ ಪುಡಿಯಲ್ಲಿ ಎಣ್ಣೆ ಆಗಲೇ ಕಡಿಮೆಯಾಗಿರುತ್ತದೆ. ಪುಡಿ ದಪ್ಪಗಿದ್ದರೆ ಒಡೆಯದ ಕೋಶಗಳ ಒಳಗಿನ ಎಣ್ಣೆಯನ್ನು ಈಥರ್ ಮುಟ್ಟುವುದೇ ಇಲ್ಲ. ಅದಕ್ಕಾಗಿಯೇ ಎಣ್ಣೆಕಾಳುಗಳ ಅಂತರರಾಷ್ಟ್ರೀಯ ವಿಧಾನದಲ್ಲಿ ನಾಲ್ಕು ಗಂಟೆ ಎಣ್ಣೆ ಇಳಿಸಿ, ಹಿಂಡಿಯನ್ನು ಹೊರತೆಗೆದು ಮತ್ತೆ ಅರೆದು ಎರಡು ಗಂಟೆ, ಇನ್ನೊಮ್ಮೆ ಅರೆದು ಮತ್ತೆ ಎರಡು ಗಂಟೆ ಇಳಿಸಬೇಕು. ಅರೆಯುವ ಹಂತ ಬೇಸರದ್ದು, ಆದ್ದರಿಂದ ಮೊದಲು ಬಿಟ್ಟುಹೋಗುವುದೂ ಅದೇ. ಪಾಕದಲ್ಲಿ ನೆನೆಸಿದ ಚಿಪ್ಸಿನಲ್ಲಿ ಇನ್ನೊಂದು ತೊಡಕು ಇದೆ. ಒಣಗಿದ ಸಕ್ಕರೆ ಎಣ್ಣೆಯ ಮೇಲೆ ಪದರ ಕಟ್ಟುತ್ತದೆ, ಈಥರಿಗೆ ಸಕ್ಕರೆ ಕರಗುವುದಿಲ್ಲ. ಮೊದಲು ನೀರಿನಿಂದಲೋ ಆಮ್ಲದಿಂದಲೋ ಸಕ್ಕರೆಯನ್ನು ಬಿಡಿಸಿಕೊಳ್ಳದೆ ನೇರ ಈಥರಿಗೆ ಹಾಕಿದರೆ ಅಳತೆ ಕಡಿಮೆಯೇ ಬರುತ್ತದೆ.

ಲೆಕ್ಕಕ್ಕಾಗಿ ಒಂದು ಚಿಪ್ಸ್ ಇಟ್ಟುಕೊಳ್ಳೋಣ. ಅದರಲ್ಲಿ ನಿಜಕ್ಕೂ ತೇವಾಂಶ 3, ಕೊಬ್ಬಿನಂಶ 45, ಪ್ರೋಟೀನ್ 4, ಬೂದಿ 1, ಉಳಿದ 47 ನಾರು ಸೇರಿದ ಕಾರ್ಬೋಹೈಡ್ರೇಟ್. ಶಕ್ತಿ 609 ಕಿಲೊಕ್ಯಾಲರಿ. ಈಥರಿಗೆ 42 ಮಾತ್ರ ಸಿಕ್ಕಿತೆನ್ನಿ. ಸಿಗದ ಮೂರು ಗ್ರಾಂ ಎಣ್ಣೆ ವರದಿಯಲ್ಲಿ ಕಾರ್ಬೋಹೈಡ್ರೇಟಾಗಿ 50 ಎಂದು ಬರುತ್ತದೆ. ಗ್ರಾಮಿಗೆ 9ರಂತೆ ಎಣಿಸಬೇಕಾದದ್ದನ್ನು 4ರಂತೆ ಎಣಿಸಿದ್ದರಿಂದ ಶಕ್ತಿ 594ಕ್ಕೆ ಇಳಿಯುತ್ತದೆ. ಒಂದೇ ತಪ್ಪಿನಿಂದ ಮೂರು ಸಾಲು ಕೆಟ್ಟವು.

ಪ್ರೋಟೀನಿನ ತಪ್ಪು ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. 6.25 ಎಂಬ ಗುಣಕ ಪ್ರೋಟೀನಿನಲ್ಲಿ ನೂರಕ್ಕೆ 16ರಷ್ಟು ಸಾರಜನಕವಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅಮೆರಿಕದ ಕೃಷಿ ಇಲಾಖೆಯ ಡಿ. ಬಿ. ಜೋನ್ಸ್ 1931ರಲ್ಲೇ ಬೇರೆ ಬೇರೆ ಆಹಾರಗಳಿಗೆ ಬೇರೆ ಬೇರೆ ಗುಣಕ ಕೊಟ್ಟರು. ತೆಂಗಿಗೆ ಅವರ ಗುಣಕ 5.30. ಕೊಬ್ಬರಿಯ 6.8 ಪ್ರೋಟೀನನ್ನು 6.25ರಿಂದ ಲೆಕ್ಕ ಹಾಕಿದ್ದರೆ, 5.30ರಿಂದ ಅದು 5.8 ಆಗುತ್ತದೆ, ಒಂದು ಗ್ರಾಂ ಕಾರ್ಬೋಹೈಡ್ರೇಟಿಗೆ ಸೇರುತ್ತದೆ. ಎರಡಕ್ಕೂ ಶಕ್ತಿ ಗ್ರಾಮಿಗೆ 4 ಆದ್ದರಿಂದ ಒಟ್ಟು ಶಕ್ತಿ ಕದಲುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಬೂದಿಯ ತಪ್ಪು ಕೊಬ್ಬರಿಯಲ್ಲಿ ಬಲು ಚಿಕ್ಕದು, ಅದರ ಚಿಂತೆ ಇಲ್ಲಿ ಬೇಡ.

ತೇವಾಂಶದ ಕಥೆ ನಮ್ಮ ಮಳೆಗಾಲದ್ದು. ಚಿಪ್ಸಿನ ಪೊಟ್ಟಣ ಒಡೆದ ದಿನ ತೇವಾಂಶ ನೋಡಿ 3 ಎಂದು ಬರೆಯುತ್ತಾರೆ. ಕೊಬ್ಬು, ಪ್ರೋಟೀನುಗಳ ಸರದಿ ಬರುವಷ್ಟರಲ್ಲಿ, ಆಟಿ ತಿಂಗಳಿನ ಗಾಳಿಗೆ ಬಾಯಿ ಸರಿಯಾಗಿ ಮುಚ್ಚದ ಡಬ್ಬಿಯೊಳಗಿನ ಪುಡಿ ತೇವ ಎಳೆದುಕೊಂಡು ಅದರ ತೇವಾಂಶ 5ಕ್ಕೆ ಏರಿರುತ್ತದೆ. ಆ ಪುಡಿಯಲ್ಲಿ ಕೊಬ್ಬು 44.1, ಪ್ರೋಟೀನ್ 3.9, ಬೂದಿ 1 ಎಂದೇ ಬರುತ್ತದೆ. ಅಳತೆಯಲ್ಲಿ ಯಾವ ದೋಷವೂ ಇಲ್ಲ. ಆದರೆ ಹಳೆಯ 3ರೊಂದಿಗೆ ಇವನ್ನು ಕೂಡಿಸಿ ನೂರರಿಂದ ಕಳೆದರೆ ಕಾರ್ಬೋಹೈಡ್ರೇಟ್ 48. ಆ ಪುಡಿಯಲ್ಲಿ ನಿಜಕ್ಕೂ ಇದ್ದದ್ದು 46. ಗಾಳಿಯಿಂದ ಬಂದ ಎರಡು ಗ್ರಾಂ ನೀರು ಕಾಗದದ ಮೇಲೆ ಪಿಷ್ಟವೋ ಸಕ್ಕರೆಯೋ ಆಗಿ ಕುಳಿತಿತು. ಪ್ರತಿ ಅಳತೆಗೆ ತೂಗಿದ ದಿನವೇ ತೇವಾಂಶಕ್ಕೂ ಒಂದು ತಟ್ಟೆ ಇಡುವುದೇ ಇದಕ್ಕೆ ಮದ್ದು. ಇದರ ವಿರುದ್ಧದ ತಪ್ಪೂ ಉಂಟು: ಸಕ್ಕರೆ ಹೆಚ್ಚಿರುವ ಚಿಪ್ಸನ್ನು 105 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಸಕ್ಕರೆಯೇ ಕಂದು ತಿರುಗಿ ಒಡೆಯುತ್ತದೆ, ಹಾಗೆ ಕಳೆದುಹೋದ ತೂಕ ತೇವಾಂಶದ ಲೆಕ್ಕಕ್ಕೆ ಸೇರುತ್ತದೆ. ತೂಕ ಸ್ಥಿರವಾಗದೆ ಇಳಿಯುತ್ತಲೇ ಹೋಗುವುದು ಅದರ ಗುರುತು. ಅಂಥದ್ದಕ್ಕೆ 70 ಡಿಗ್ರಿಯ ನಿರ್ವಾತ ಒಲೆಯೇ ಬೇಕು.

ಎಲ್ಲರೂ ಎಚ್ಚರದಿಂದ ಮಾಡಿದರೂ ಸಣ್ಣಪುಟ್ಟ ಏರಿಳಿತ ಇದ್ದೇ ಇರುತ್ತದೆ. ಕೊಬ್ಬಿನಲ್ಲಿ 0.6, ತೇವಾಂಶ ಮತ್ತು ಪ್ರೋಟೀನಿನಲ್ಲಿ ತಲಾ 0.2, ಬೂದಿಯಲ್ಲಿ 0.05 ಎನ್ನೋಣ. ಇವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಕಾರ್ಬೋಹೈಡ್ರೇಟಿನ ಏರಿಳಿತ ಸುಮಾರು 0.7. ಕಾರ್ಬೋಹೈಡ್ರೇಟ್ 78ರಷ್ಟಿರುವ ಅಕ್ಕಿಯಲ್ಲಿ ಅಷ್ಟು ಏರಿಳಿತ ನೂರಕ್ಕೆ ಒಂದಕ್ಕಿಂತ ಕಡಿಮೆ, 18ರ ಕೊಬ್ಬರಿಯಲ್ಲಿ ನೂರಕ್ಕೆ ನಾಲ್ಕರ ಹತ್ತಿರ. ಕಾರ್ಬೋಹೈಡ್ರೇಟ್ ಹೆಚ್ಚುಕಡಿಮೆ ಇಲ್ಲವೇ ಇಲ್ಲದ ಬೂತಾಯಿ ಮೀನಿನಲ್ಲಿ ಅಳೆದವುಗಳ ಮೊತ್ತವೇ ನೂರು ದಾಟಿ, ಕಾರ್ಬೋಹೈಡ್ರೇಟ್ ಸೊನ್ನೆಗಿಂತ ಕೆಳಗೆ ಬರುವುದುಂಟು. ಅಂಥ ಕಡೆ ವರದಿಯಲ್ಲಿ ಸೊನ್ನೆ ಎಂದು ಬರೆದು ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಆ ಋಣ ಸಂಖ್ಯೆ ಇಡೀ ವಿಧಾನ ತನ್ನ ಬಗ್ಗೆ ತಾನೇ ಹೇಳುವ ಅತಿ ಪ್ರಾಮಾಣಿಕ ಮಾತು, ಅದನ್ನು ಅಳಿಸಬಾರದು.

ಈ ಲೆಕ್ಕವನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದ್ದು ಮಧುಮೇಹ. ಇನ್ಸುಲಿನ್ ಬಂದ ಮೇಲೆ ರೋಗಿ ತಿನ್ನುವ ಕಾರ್ಬೋಹೈಡ್ರೇಟನ್ನು ಗ್ರಾಮಿನಲ್ಲಿ ತಿಳಿಯಬೇಕಾಯಿತು. ಲಂಡನ್ನಿನ ವೈದ್ಯ ಆರ್. ಡಿ. ಲಾರೆನ್ಸ್ ಸ್ವತಃ ಮಧುಮೇಹಿ, ಇನ್ಸುಲಿನ್ನಿನಿಂದ ಬದುಕಿ ಉಳಿದವರು. ಅವರೂ ಆರ್. ಎ. ಮೆಕ್ಯಾನ್ಸ್ ಅವರೂ ಸೇರಿ 1929ರಲ್ಲಿ ಆಹಾರಗಳ ಸಕ್ಕರೆ ಮತ್ತು ಪಿಷ್ಟವನ್ನು ನೇರವಾಗಿ ಅಳೆದು ಪ್ರಕಟಿಸಿದರು. ದೇಹಕ್ಕೆ ದಕ್ಕುವ ಕಾರ್ಬೋಹೈಡ್ರೇಟ್, ದಕ್ಕದ ಕಾರ್ಬೋಹೈಡ್ರೇಟ್ ಎಂಬ ವಿಂಗಡಣೆ ಅಲ್ಲಿಂದ ಬಂತು.

ಆ ವಿಂಗಡಣೆ ಕೊಬ್ಬರಿಗೆ ಎಷ್ಟು ಮುಖ್ಯ ಎಂಬುದು ಇನ್ನೊಂದು ಸಾಲಿನಿಂದ ಗೊತ್ತಾಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ ಸಕ್ಕರೆ ಸೇರಿಸದ ಒಣ ಕೊಬ್ಬರಿಯ ಕಾರ್ಬೋಹೈಡ್ರೇಟ್ 23.65. ಅದೂ ಕಳೆದು ಪಡೆದದ್ದೇ, ಆದರೆ ಅದರೊಳಗೆ 16.3 ಗ್ರಾಂ ಆಹಾರದ ನಾರು ಎಂದು ಬಿಡಿಸಿ ಹೇಳಿದೆ. ದಕ್ಕುವುದಕ್ಕೆ ಉಳಿದದ್ದು 7ರ ಆಸುಪಾಸು. ನಮ್ಮ ಹಳೆಯ ಕೋಷ್ಟಕದಲ್ಲಿ ನಾರು ಕಳೆದ ಮೇಲೂ 18.4 ಉಳಿದದ್ದೇಕೆ? ಅಲ್ಲಿ ಕಳೆದದ್ದು ವೀಂಡೆಯ ಕಾಲದ ಕಚ್ಚಾ ನಾರನ್ನು. ಆಮ್ಲ ಮತ್ತು ಕ್ಷಾರದ ಕುದಿತದಲ್ಲಿ ಕೊಬ್ಬರಿಯ ನಾರಿನ ಬಹುಪಾಲು ಕರಗಿ ಹೋಗುತ್ತದೆ. ಕರಗಿದ್ದು ನಾರೆಂದು ಎಣಿಕೆಗೆ ಬರದೆ ಕಾರ್ಬೋಹೈಡ್ರೇಟಿನ ಪಾಲಾಗುತ್ತದೆ. ಕೊಬ್ಬರಿ ತುರಿಯನ್ನು ಲೆಕ್ಕ ಹಾಕಿ ಬಡಿಸಿಕೊಳ್ಳುವ ಮಧುಮೇಹಿಗೆ 18ಕ್ಕೂ 7ಕ್ಕೂ ಇರುವ ಅಂತರ ಚಿಕ್ಕದಲ್ಲ.

ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ 2003ರ ವರದಿಯಲ್ಲಿ ದಕ್ಕುವ ಕಾರ್ಬೋಹೈಡ್ರೇಟನ್ನು ನೇರವಾಗಿ ಅಳೆಯುವುದೇ ಲೇಸು ಎಂದಿತು. ಅದಕ್ಕೆ ಖರ್ಚು ಹೆಚ್ಚು, ಸಣ್ಣ ತಯಾರಕರ ಕೈಗೆ ಎಟುಕುವುದು ಕಷ್ಟ. ಆದರೆ ಒಂದು ಹೊಸ ತಿನಿಸಿಗೆ ಒಮ್ಮೆಯಾದರೂ ಸಕ್ಕರೆ, ಪಿಷ್ಟ, ಆಹಾರದ ನಾರು ಮೂರನ್ನೂ ಬೇರೆಯಾಗಿ ಅಳೆಸಿ, ಉಳಿದ ನಾಲ್ಕರ ಜೊತೆ ಕೂಡಿಸಿ ನೋಡಬೇಕು. ಮೊತ್ತ 97 ಬಂದರೂ 102 ಬಂದರೂ ಅದು ಉಪಯುಕ್ತ ಸುದ್ದಿಯೇ, ಏಕೆಂದರೆ ಆ ಮೊತ್ತವನ್ನು ಯಾರೂ ನೂರಕ್ಕೆ ಎಳೆದು ತಂದಿಲ್ಲ. ಅದು ಆಗದವರು ಪ್ರಯೋಗಶಾಲೆಯನ್ನು ಮೂರು ಪ್ರಶ್ನೆ ಕೇಳಬಹುದು: ಪ್ರೋಟೀನಿಗೆ ಯಾವ ಗುಣಕ ಬಳಸಿದಿರಿ, ಎಣ್ಣೆ ಇಳಿಸುವಾಗ ನಡುವೆ ಮತ್ತೆ ಅರೆದಿರಾ, ತೇವಾಂಶ ನೋಡಿದ್ದು ಯಾವ ದಿನ. ಕಾರ್ಬೋಹೈಡ್ರೇಟಿನ ಸಂಖ್ಯೆಯ ಪಕ್ಕದಲ್ಲಿ ‘ಕಳೆದು ಪಡೆದದ್ದು’ ಎಂದು ಬರೆಸಿಕೊಳ್ಳುವುದನ್ನೂ ಮರೆಯಬಾರದು.