ರವೆ ಇಡ್ಲಿ ಪೊಟ್ಟಣದ ಪಕ್ಕ ಇನ್ನೊಂದು ಪೊಟ್ಟಣ ಬೇಕೆ?

ಮಾವಳ್ಳಿ ಟಿಫಿನ್ ರೂಮ್ಸ್ ಬೆಂಗಳೂರಿನಲ್ಲಿ 1924ರಲ್ಲಿ ಶುರುವಾದಾಗ ಅದು ಬರೀ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂತು, ರವೆಯಲ್ಲೇ ಇಡ್ಲಿ ಮಾಡಿದರು. ತುರ್ತು ಪರಿಸ್ಥಿತಿಯ ವರ್ಷಗಳಲ್ಲಿ ತಿಂಡಿಯ ಬೆಲೆಗೆ ಸರ್ಕಾರ ಮಿತಿ ಹೇರಿತು. ಆ ಬೆಲೆಗೆ ತಮ್ಮ ಗುಣಮಟ್ಟದ ತಿಂಡಿ ಕೊಟ್ಟರೆ ನಷ್ಟವೇ ಗತಿಯಾಗಿ ಹೋಟೆಲು ಮುಚ್ಚಬೇಕಾಯಿತು. ಕೈಯಲ್ಲಿದ್ದ ರುಚಿಯನ್ನು ಪುಡಿಯ ರೂಪದಲ್ಲಿ ಮಾರುವ ದಾರಿ ಆಗ ಹುಟ್ಟಿತು. ಎಂಟಿಆರ್ ಫುಡ್ಸ್ ಬೆಳೆದದ್ದು ಅಲ್ಲಿಂದ. 2007ರಲ್ಲಿ ಅದನ್ನು ನಾರ್ವೆಯ ಓರ್ಕ್ಲಾ ಕೊಂಡಿತು. ಮುಂದೆ ಮತ್ತೆ ತೆರೆದ ಹೋಟೆಲು ಮಾತ್ರ ಅದನ್ನು ಕಟ್ಟಿದ ಮಯ್ಯರ ಕುಟುಂಬದಲ್ಲೇ ಉಳಿಯಿತು.

ಒಂದು ಕಂಪನಿ ಮಾರುವ ಎಲ್ಲ ಸರಕುಗಳ ಒಟ್ಟು ಜೋಡಣೆಗೆ ಮಾರಾಟಶಾಸ್ತ್ರದಲ್ಲಿ ಉತ್ಪನ್ನ ಮಿಶ್ರಣ ಎನ್ನುತ್ತಾರೆ, ಅದನ್ನು ಈ ಕಂಪನಿಯಲ್ಲಿ ಕಣ್ಣಾರೆ ನೋಡಬಹುದು. ದಿಢೀರ್ ತಿಂಡಿ ಮಿಕ್ಸ್, ಸಾಂಬಾರು–ರಸಂ ಪುಡಿಗಳಂಥ ಮಸಾಲೆ, ಗುಲಾಬ್ ಜಾಮೂನಿನಂಥ ಸಿಹಿ ಮಿಕ್ಸ್, ಬಿಸಿ ಮಾಡಿ ತಿನ್ನುವ ಪೊಟ್ಟಣದೂಟ, ಉಪ್ಪಿನಕಾಯಿ: ಇವು ಬೇರೆ ಬೇರೆ ಉತ್ಪನ್ನ ಸಾಲುಗಳು. ಎಷ್ಟು ಸಾಲುಗಳಿವೆ ಎಂಬುದು ಅಗಲ. ಎಲ್ಲ ಸಾಲುಗಳ ಒಟ್ಟು ಸರಕುಗಳ ಲೆಕ್ಕ ಉದ್ದ. ರವೆ ಇಡ್ಲಿ ಮಿಕ್ಸ್ ಒಂದೇ ಸರಕು, ಆದರೆ ಅದನ್ನು ಎಷ್ಟು ಗಾತ್ರದಲ್ಲಿ, ಎಷ್ಟು ರುಚಿಯಲ್ಲಿ ಕೊಡುತ್ತೀರಿ ಎಂಬುದು ಆಳ.

ನಾಲ್ಕನೆಯದು ಹೊಂದಾಣಿಕೆ, ಮತ್ತು ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ತೂಕದ್ದು. ಸಾಲುಗಳು ಒಂದೇ ಅಡುಗೆಮನೆಗೆ ಹೋಗುತ್ತವೆಯೇ, ಒಂದೇ ಬಗೆಯ ಯಂತ್ರದಲ್ಲಿ ಆಗುತ್ತವೆಯೇ, ಒಂದೇ ಕಿರಾಣಿ ಅಂಗಡಿಯಲ್ಲಿ ಮಾರಾಟವಾಗುತ್ತವೆಯೇ ಎಂದು ಅದು ಕೇಳುತ್ತದೆ. ಮಸಾಲೆ ಪುಡಿಗೂ ಇಡ್ಲಿ ಮಿಕ್ಸಿಗೂ ಈ ಮೂರೂ ಹೊಂದುತ್ತವೆ. ಪೊಟ್ಟಣದೂಟಕ್ಕೆ ಅಂಗಡಿ ಹೊಂದಿದರೂ ತಯಾರಿಕೆ ಬೇರೆ: ಒತ್ತಡದ ಹಬೆಯಲ್ಲಿ ಮೊಹರು ಹಾಕಿದ ಪೊಟ್ಟಣವನ್ನೇ ಬೇಯಿಸುವ ಆ ವಿಧಾನಕ್ಕೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ತಂತ್ರಜ್ಞಾನ ನೆರವಾಯಿತು. ಐಸ್ ಕ್ರೀಮಿನಂಥ ಸರಕಿಗಾದರೆ ಕಾರ್ಖಾನೆಯಿಂದ ಅಂಗಡಿಯವರೆಗೂ ತಣ್ಣಗಿನ ಸಾಗಾಟವೇ ಬೇಕು. ಹೆಸರು ಒಂದೇ ಆದರೂ ಅಲ್ಲಿ ವ್ಯಾಪಾರವೇ ಬೇರೆಯಾಗಿಬಿಡುತ್ತದೆ.

ಈಗ ಒಂದು ನಿರ್ಧಾರ ತೆಗೆದುಕೊಳ್ಳೋಣ. ಇದು ನಾನು ಕಲ್ಪಿಸಿದ ಮಧ್ಯಮ ಗಾತ್ರದ ಕಂಪನಿ, ಅಂಕಿಗಳೂ ಕಲ್ಪಿತ. ಅದರ ರವೆ ಇಡ್ಲಿ ಮಿಕ್ಸ್ ಚೆನ್ನಾಗಿ ಓಡುತ್ತಿದೆ. ರಾಗಿ ಇಡ್ಲಿ ಮಿಕ್ಸ್ ತಂದು ಅದೇ ಸಾಲನ್ನು ವಿಸ್ತರಿಸಬೇಕೆ? ಹೊಂದಾಣಿಕೆಯ ಪರೀಕ್ಷೆಯಲ್ಲಿ ಅದು ಪಾಸು: ಅದೇ ಗ್ರಾಹಕರು, ಅದೇ ಅಂಗಡಿ, ಬಹುಪಾಲು ಅದೇ ಯಂತ್ರ. ಸಜ್ಜೆಯ ಹಿಟ್ಟು ಬೇಗ ಕಮಟಾಗುತ್ತದೆ, ರಾಗಿ ಹಿಟ್ಟಿಗೆ ಆ ತೊಂದರೆಯೂ ಅಷ್ಟಿಲ್ಲ. ಹಾಗಾಗಿ ಎಲ್ಲರೂ ತಲೆಯಾಡಿಸುತ್ತಾರೆ, ಲೆಕ್ಕ ಹಿಂದೆ ಬೀಳುತ್ತದೆ.

ಹಳೆಯ ಪೊಟ್ಟಣವೊಂದರಲ್ಲಿ ನೇರ ಖರ್ಚು ಕಳೆದು 30 ರೂಪಾಯಿ ಉಳಿಯುತ್ತದೆ, ರಾಗಿಯದರಲ್ಲಿ 24. ತಿಂಗಳಿಗೆ 10,000 ರಾಗಿ ಪೊಟ್ಟಣ ಹೋದರೆ 2,40,000 ರೂಪಾಯಿ ಬಂದಂತೆ. ಆದರೆ ಅವುಗಳಲ್ಲಿ 6,000 ಪೊಟ್ಟಣ ಕೊಂಡವರು ರವೆ ಇಡ್ಲಿ ಬಿಟ್ಟು ಬಂದವರೇ ಆದರೆ ಅಲ್ಲಿ 1,80,000 ಹೋಯಿತು. ಕೈಗೆ ಉಳಿದದ್ದು 60,000. ಹೊಸ ಪೊಟ್ಟಣದ ಮುದ್ರಣ, ಅಂಗಡಿ ಕಪಾಟಿಗೆ ಕೊಡುವ ಹಣ, ರಾಗಿಗೆಂದು ಯಂತ್ರ ತೊಳೆದು ಬದಲಿಸುವ ಹೊತ್ತು ಎಲ್ಲ ಸೇರಿ ತಿಂಗಳಿಗೆ 80,000 ಖರ್ಚಾದರೆ 20,000 ನಷ್ಟ. ಇದೇ ಲೆಕ್ಕವನ್ನು ತಿರುಗಿಸಿದರೆ ಗಡಿ ಸಿಗುತ್ತದೆ: ರಾಗಿ ಮಾರಾಟದಲ್ಲಿ ಸುಮಾರು ಶೇ 53ಕ್ಕಿಂತ ಹೆಚ್ಚು ಪಾಲು ಸ್ವಂತ ಸರಕನ್ನೇ ತಿಂದದ್ದಾದರೆ ವಿಸ್ತರಣೆ ನಿಲ್ಲುವುದಿಲ್ಲ.

ಆ ಪಾಲು ಎಷ್ಟೆಂದು ಕಾರ್ಖಾನೆಯ ರವಾನೆ ಪುಸ್ತಕ ಹೇಳುವುದಿಲ್ಲ. ಮೊದಲ ತಿಂಗಳು ಕಪಾಟು ತುಂಬಿಸಲೆಂದೇ ಮಾಲು ಹೋಗುತ್ತದೆ, ಅದನ್ನು ಬೇಡಿಕೆ ಎಂದು ನಂಬಿ ಕೆಡುವವರೇ ಹೆಚ್ಚು. ಒಂದೇ ಬಗೆಯ ಎರಡು ಬಡಾವಣೆಗಳನ್ನು ಆರಿಸಿ, ಒಂದರಲ್ಲಿ ಮಾತ್ರ ರಾಗಿ ಮಿಕ್ಸ್ ಇಟ್ಟು, ಎರಡರಲ್ಲೂ ರವೆ ಇಡ್ಲಿಯ ಮಾರಾಟ ಎಷ್ಟು ಇಳಿಯಿತೆಂದು ಹೋಲಿಸಬೇಕು. ಜೊತೆಗೆ ಒಮ್ಮೆ ಕೊಂಡವರು ಮತ್ತೆ ಕೊಂಡರೇ ಎಂದು ನೋಡಬೇಕು. ಕುತೂಹಲಕ್ಕೆ ಕೊಂಡವರು ಎರಡನೇ ಬಾರಿಗೆ ಬರುವುದಿಲ್ಲ.

ಅಂಗಡಿಯವರು ಹೊಸ ಪೊಟ್ಟಣಕ್ಕೆ ಜಾಗ ಕೊಡುವಾಗ ಎದುರಾಳಿಯದನ್ನು ಸರಿಸುತ್ತಾರೋ, ಕಪಾಟಿನಲ್ಲಿ ನಿಮ್ಮದೇ ರವೆ ಇಡ್ಲಿ ಇಟ್ಟಿರುವ ಎರಡು ಸಾಲಿನಲ್ಲಿ ಒಂದನ್ನು ತೆಗೆಯುತ್ತಾರೋ ಎಂಬುದನ್ನೂ ಕಣ್ಣಿಟ್ಟು ನೋಡಬೇಕು. ಎರಡನೆಯದು ನಡೆದರೆ ಉದ್ದ ಹೆಚ್ಚಿದಷ್ಟೂ ಓಡುವ ಸರಕು ಕಣ್ಮರೆಯಾಗುತ್ತದೆ. ನಮ್ಮ ಕಂಪನಿ ಆ ಪರೀಕ್ಷೆಯಲ್ಲಿ ಶೇ 53 ದಾಟಿದರೆ ಅದಕ್ಕೆ ಉಳಿದ ದಾರಿಗಳು ಎರಡು: ರಾಗಿಯ ಬೆಲೆ ಏರಿಸಿ ಉಳಿಕೆಯನ್ನು 30ರ ಹತ್ತಿರ ತರುವುದು, ಇಲ್ಲವೇ ರವೆ ಇಡ್ಲಿಯ ಹೆಚ್ಚು ಓಡದ ಗಾತ್ರವೊಂದನ್ನು ಕೈಬಿಟ್ಟು ಆ ಜಾಗವನ್ನು ರಾಗಿಗೆ ಕೊಡುವುದು.