ಮೂರು ಗಂಟೆಯ ಸ್ಕೂಲ್ ಡೇ, ಒಂದು ಚೀಟಿ ಮತ್ತು ಹಿಂದಿನ ಸಾಲಿನ ಮಕ್ಕಳು

ಫೆಬ್ರವರಿ ಮೊದಲ ವಾರ. ಪೆನ್‌ಡ್ರೈವ್ ಜೊತೆಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದ ಒಂದು ಚೀಟಿ ಬಂತು. ಬರೆದವರು ಒಂದು ಪ್ರಾಥಮಿಕ ಶಾಲೆಯ ಟೀಚರ್.

‘ಸರ್, ನಮಸ್ತೆ. ನಮ್ಮ ವಾರ್ಷಿಕೋತ್ಸವದ ರೆಕಾರ್ಡಿಂಗ್ ಮೂರು ಗಂಟೆಗಿಂತ ಜಾಸ್ತಿ ಇದೆ. ಪೋಷಕರು ಅಷ್ಟು ಹೊತ್ತು ನೋಡೋದಿಲ್ಲ. ದಯವಿಟ್ಟು ಅರ್ಧ ಗಂಟೆಗೆ ಇಳಿಸಿ ಕೊಡಿ. ಭಾಷಣ ತೆಗೆದರೂ ಪರವಾಗಿಲ್ಲ. ಆದರೆ ಯಾವ ಮಗುವೂ ಬಿಟ್ಟುಹೋಗಬಾರದು.’

ನನ್ನ ಹೊಟ್ಟೆಪಾಡು ಮದುವೆ ವಿಡಿಯೋ ಎಡಿಟಿಂಗ್. ವರ್ಷಕ್ಕೆ ಮೂರ್ನಾಲ್ಕು ಶಾಲೆಗಳಿಗೆ ದುಡ್ಡು ತಗೊಳ್ಳದೆ ಈ ಕೆಲಸ ಮಾಡಿಕೊಡುತ್ತೇನೆ. ಚೀಟಿಗಳೆಲ್ಲ ಹೆಚ್ಚು ಕಡಿಮೆ ಹೀಗೇ ಇರುತ್ತವೆ. ‘ಅರ್ಧ ಗಂಟೆ’ ಮತ್ತು ‘ಯಾವ ಮಗುವೂ ಬಿಡಬಾರದು’ ಎಂಬ ಎರಡು ಮಾತು ಒಂದಕ್ಕೊಂದು ಹೊಂದೋದಿಲ್ಲ. ಹಾಗಾಗಿ ಮೊದಲು ನಾನು ಏನನ್ನೂ ಕತ್ತರಿಸುವುದಿಲ್ಲ. ಇಡೀ ರೆಕಾರ್ಡಿಂಗ್ ಓಡಿಸಿ, ಯಾವುದಕ್ಕೆ ಎಷ್ಟು ನಿಮಿಷ ಹೋಗಿದೆ ಎಂದು ಬರೆದುಕೊಳ್ಳುತ್ತೇನೆ.

ಈ ಶಾಲೆಯದು ಒಟ್ಟು 192 ನಿಮಿಷ ಇತ್ತು. ಖಾಲಿ ಸ್ಟೇಜ್, ಪರದೆ ಎಳೆಯೋದು, ‘ಹಲೋ ಮೈಕ್ ಟೆಸ್ಟಿಂಗ್’, ಮುಂದಿನ ತಂಡ ಸಿದ್ಧವಾಗುವ ತನಕದ ಕಾಯುವಿಕೆ, ಇವಕ್ಕೇ 46 ನಿಮಿಷ. ಸ್ವಾಗತ, ಹಾರ, ವರದಿ, ಭಾಷಣಗಳಿಗೆ 52. ಬಹುಮಾನ ವಿತರಣೆಗೆ 24. ಪ್ರಾರ್ಥನೆ, ದೀಪ, ನಾಡಗೀತೆ, ರಾಷ್ಟ್ರಗೀತೆ ಸೇರಿ 9. ಮಕ್ಕಳ ಕಾರ್ಯಕ್ರಮ 61 ನಿಮಿಷ: 12 ಹಾಡಿನ ಕುಣಿತ, ಒಂದು ನಾಟಕ.

ಈ ಪಟ್ಟಿ ಕೈಯಲ್ಲಿದ್ದರೆ ಟೀಚರ್ ಜೊತೆ ಮಾತಾಡೋದು ಸುಲಭ. ಫೋನ್ ಮಾಡಿ ಹೇಳಿದೆ: ‘ಮೇಡಂ, ಕಾಯೋ ಹೊತ್ತನ್ನು ಪೂರಾ ತೆಗೀತೀನಿ, ಭಾಷಣ ನಾಲ್ಕು ನಿಮಿಷಕ್ಕೆ ಇಳಿಸ್ತೀನಿ. ಆದ್ರೂ ಅರ್ಧ ಗಂಟೆ ಅಂದ್ರೆ ಒಂದೊಂದು ಡ್ಯಾನ್ಸ್‌ಗೆ ಒಂದೇ ನಿಮಿಷ ಸಿಗುತ್ತೆ. ಹಿಂದಿನ ಸಾಲಿನ ಮಕ್ಕಳು ಕಾಣಿಸೋದೇ ಇಲ್ಲ.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಎಷ್ಟು ಬೇಕೋ ಅಷ್ಟು ಇಡಿ ಸರ್’ ಅಂದರು. ನಾನು 55 ನಿಮಿಷ ಅಂದೆ. ಜೊತೆಗೆ ಒಂದು ಸಹಾಯ ಕೇಳಿದೆ. ಪ್ರತಿ ಕುಣಿತದಲ್ಲಿ ಯಾವ ಮಗು ಎಲ್ಲಿ ನಿಂತಿದೆ, ಯಾವಾಗ ಮುಂದೆ ಬರುತ್ತೆ ಅಂತ ಬರೆದುಕೊಡಿ ಎಂದೆ.

ಈ ಪಟ್ಟಿ ಕೇಳೋದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲವು ವರ್ಷದ ಹಿಂದೆ ಇನ್ನೊಂದು ಶಾಲೆಗೆ ಹೀಗೇ ಮಾಡಿಕೊಟ್ಟಿದ್ದೆ. ಚೆನ್ನಾಗಿ ಕುಣಿದ ಭಾಗಗಳನ್ನೇ ಆರಿಸಿ ಸೇರಿಸಿದ್ದೆ. ವಿಡಿಯೋ ಚುರುಕಾಗಿತ್ತು. ಒಬ್ಬ ತಾಯಿ ಶಾಲೆಗೆ ಬಂದು, ‘ನನ್ನ ಮಗಳು ಎಲ್ಲಿ?’ ಅಂತ ಕೇಳಿದರಂತೆ. ಆ ಮಗು ಎರಡು ಹಾಡಿನಲ್ಲಿ ಕುಣಿದಿತ್ತು. ನಾನು ಇಟ್ಟ ಭಾಗಗಳಲ್ಲಿ ಅವಳ ಕೈ ಮಾತ್ರ ಕಾಣುತ್ತಿತ್ತು. ಮದುವೆ ವಿಡಿಯೋದಲ್ಲಿ ಎಲ್ಲರೂ ನೋಡೋದು ಇಬ್ಬರನ್ನು. ಸ್ಕೂಲ್ ಡೇಯಲ್ಲಿ ಪ್ರತಿ ಮನೆಯವರೂ ನೋಡೋದು ಬೇರೆ ಬೇರೆ ಮಗುವನ್ನು. ಮಗು ತಾಳ ತಪ್ಪಿದ್ದರೂ ಅವರಿಗೆ ಬೇಜಾರಿಲ್ಲ, ಕಾಣಬೇಕು ಅಷ್ಟೆ.

ಎರಡನೇ ತರಗತಿಯ ಕುಣಿತವನ್ನೇ ತೆಗೆದುಕೊಳ್ಳೋಣ. 24 ಮಕ್ಕಳು, 12ರಂತೆ ಎರಡು ಸಾಲು. ಹಾಡು 4 ನಿಮಿಷ 10 ಸೆಕೆಂಡ್. ನನಗೆ ಅದನ್ನು ಎರಡೂಕಾಲು ನಿಮಿಷಕ್ಕೆ ತರಬೇಕಿತ್ತು. ಹಾಡು ಸಾಮಾನ್ಯ ರೀತಿಯದೇ. ಶುರುವಿನ ಮ್ಯೂಸಿಕ್, ಪಲ್ಲವಿ, ನಡುವಿನ ಮ್ಯೂಸಿಕ್, ಮೊದಲ ಚರಣ, ಮತ್ತೆ ಪಲ್ಲವಿ, ಮತ್ತೆ ಮ್ಯೂಸಿಕ್, ಎರಡನೇ ಚರಣ, ಕೊನೆಗೆ ಪಲ್ಲವಿ. ಮೊದಲ ಚರಣದಲ್ಲಿ ಮಕ್ಕಳು ಚುರುಕಾಗಿದ್ದರು. ಎರಡನೆಯದರಲ್ಲಿ ಸುಸ್ತು, ಸಾಲು ಸೊಟ್ಟ, ಒಬ್ಬ ಟೋಪಿ ಬೀಳಿಸಿಕೊಂಡಿದ್ದ. ಸುಮ್ನೆ ನೋಡಿದರೆ ಯಾರೇ ಆದರೂ ಎರಡನೇ ಚರಣವನ್ನು ತೆಗೆಯುತ್ತಾರೆ.

ಟೀಚರ್ ಪಟ್ಟಿಯಲ್ಲಿ ಹೀಗಿತ್ತು: ‘ಎರಡನೇ ಚರಣದಲ್ಲಿ ಹಿಂದಿನ ಸಾಲು ಮುಂದೆ ಬರುತ್ತದೆ.’ ಅಂದರೆ ಆ ಸೊಟ್ಟ ಚರಣ ತೆಗೆದರೆ 12 ಮಕ್ಕಳ ಮುಖವೇ ಹೋಯ್ತು. ಮುಂದಿನ ಸಾಲಿನವರಾದರೆ ಪಲ್ಲವಿಯಲ್ಲೇ ಚೆನ್ನಾಗಿ ಕಾಣುತ್ತಾರೆ. ಹಾಗಾಗಿ ನಾನು ತೆಗೆದದ್ದು ಮೊದಲ ಚರಣವನ್ನು.

ಎಲ್ಲಿಂದ ಎಲ್ಲಿಗೆ ತೆಗೆಯಬೇಕು ಅನ್ನೋದು ಮುಖ್ಯ. ಮೊದಲ ಪಲ್ಲವಿ ಮುಗಿದ ಜಾಗದಲ್ಲಿ ಕತ್ತರಿಸಿ, ಎರಡನೇ ಸಲದ ಪಲ್ಲವಿ ಮುಗಿದ ಜಾಗಕ್ಕೆ ಜೋಡಿಸಿದೆ. ನಡುವಿನ 80 ಸೆಕೆಂಡ್ ಹೋಯ್ತು. ಎರಡು ಕಡೆಯೂ ಪಲ್ಲವಿ ಮುಗಿದು ಮ್ಯೂಸಿಕ್ ಶುರುವಾಗುವ ಜಾಗವೇ ಆದ್ದರಿಂದ ಕಿವಿಗೆ ಅನುಮಾನ ಬರುವುದಿಲ್ಲ. ಕಣ್ಣಿಗೂ ಬರುವುದಿಲ್ಲ, ಯಾಕೆಂದರೆ ಶಾಲೆಯ ಕುಣಿತಗಳಲ್ಲಿ ಪಲ್ಲವಿ ಬಂದಾಗಲೆಲ್ಲ ಮಕ್ಕಳು ತಮ್ಮ ಮೊದಲ ಜಾಗಕ್ಕೇ ವಾಪಸ್ ಬರುವಂತೆ ಟೀಚರ್ ಕಲಿಸಿರುತ್ತಾರೆ. ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ತಿಂಗಳುಗಟ್ಟಲೆ ಮಾಡಿಸಿದ ಆ ಅಭ್ಯಾಸ ನನ್ನ ಕೆಲಸವನ್ನು ಅರ್ಧ ಮುಗಿಸಿಬಿಡುತ್ತದೆ. ಆಮೇಲೆ ಶುರುವಿನ ಮ್ಯೂಸಿಕ್‌ನಲ್ಲಿ 15 ಸೆಕೆಂಡ್, ಕೊನೆಯಲ್ಲಿ ಮತ್ತೆ ಮತ್ತೆ ಬರುವ ಪಲ್ಲವಿಯಲ್ಲಿ 20 ಸೆಕೆಂಡ್ ತೆಗೆದೆ. 2 ನಿಮಿಷ 15 ಸೆಕೆಂಡ್ ಉಳಿಯಿತು.

ಕತ್ತರಿಸುವಾಗ ಮೊದಲು ಚಿತ್ರ ನೋಡಬೇಡಿ, ಸದ್ದು ಕೇಳಿ. ಟೈಮ್‌ಲೈನ್‌ನಲ್ಲಿ ಸದ್ದಿನ ಗೆರೆಯನ್ನು ದೊಡ್ಡದು ಮಾಡಿದರೆ ತಬಲಾ ಅಥವಾ ಡ್ರಮ್ಮಿನ ಪೆಟ್ಟು ಚೂಪಾಗಿ ಎದ್ದು ಕಾಣುತ್ತದೆ. ಆ ಪೆಟ್ಟು ಬೀಳುವ ಫ್ರೇಮಿನಲ್ಲೇ ಎರಡು ತುದಿಯನ್ನೂ ಕತ್ತರಿಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮ್. ಒಂದು ಫ್ರೇಮ್ ಹೆಚ್ಚುಕಡಿಮೆಯಾದರೆ ಗೊತ್ತಾಗೋದಿಲ್ಲ. ಮೂರು ಫ್ರೇಮ್ ತಪ್ಪಿದರೆ ತಾಳ ಎಡವಿದ ಹಾಗೆ ಕೇಳಿಸುತ್ತದೆ. ಜೋಡಿಸಿದ ಮೇಲೆ ನಾನು ಕಣ್ಣು ಮುಚ್ಚಿ ತೊಡೆ ಮೇಲೆ ತಾಳ ಹಾಕುತ್ತಾ ಕೇಳುತ್ತೇನೆ. ಕೈ ಎಲ್ಲಾದರೂ ತಡವರಿಸಿದರೆ ಕಟ್ ಸರಿಯಿಲ್ಲ.

ಹಾಡು ಪೆನ್‌ಡ್ರೈವಿನಲ್ಲೇ ಇರುತ್ತೆ, ಕ್ಯಾಮೆರಾದ ಗದ್ದಲದ ಸದ್ದು ತೆಗೆದು ಅದನ್ನೇ ಹಾಕಿ ಅಂತ ಕೆಲವರು ಕೇಳುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಇದೇ ಕಾರ್ಯಕ್ರಮದಲ್ಲಿ ಆರನೇ ತರಗತಿಯವರ ಕಂಸಾಳೆ ಇತ್ತು. ಆ ಕಂಚಿನ ತಾಳದ ಸದ್ದು ಇರೋದು ಕ್ಯಾಮೆರಾದಲ್ಲಿ ಮಾತ್ರ. ಗೆಜ್ಜೆ, ಕೋಲಾಟದ ಕೋಲು, ಮಗುವಿನ ಹೆಸರು ಕೂಗಿ ಚಪ್ಪಾಳೆ ಹೊಡೆದ ಅಜ್ಜಿಯ ದನಿ, ಎಲ್ಲಾ ಅಲ್ಲೇ ಇದೆ. ಸ್ಪೀಕರ್ ಒಡೆದಂತೆ ಕೇಳುವ ಕಡೆ ಮಾತ್ರ ಮೂಲ ಹಾಡನ್ನು ಕೆಳಗೆ ಮೆಲ್ಲಗೆ ಸೇರಿಸುತ್ತೇನೆ.

ನಾಟಕದ ವಿಷಯ ಬೇರೆ. ಅದರಲ್ಲಿ ಒಂದು ಮಾತು ತೆಗೆದರೂ ಮುಂದಿನ ಮಾತಿಗೆ ಅರ್ಥ ಇರೋದಿಲ್ಲ. 12 ನಿಮಿಷದ ನಾಟಕದಲ್ಲಿ ಪರದೆ ಬಿದ್ದು ಮರ ಬದಲಾಯಿಸಿದ ಒಂದು ನಿಮಿಷ ಮಾತ್ರ ಹೋಯ್ತು. ಹುಡುಗನೊಬ್ಬ ಮಾತು ಮರೆತು ನಿಂತಿದ್ದ ನಾಲ್ಕು ಸೆಕೆಂಡನ್ನು ತೆಗೆದೆ. ಅವನಿಗಾಗಿ ತೆಗೆದೆ, ಸಮಯಕ್ಕಾಗಿ ಅಲ್ಲ.

ಬಹುಮಾನ ವಿತರಣೆಯಲ್ಲಿ ಜಾಗ ಸಿಗುತ್ತದೆ. ಅಲ್ಲಿ 70 ಬಹುಮಾನ, ಒಂದೊಂದಕ್ಕೂ ಸುಮಾರು 20 ಸೆಕೆಂಡ್. ಅದರಲ್ಲಿ ಹೆಚ್ಚಿನದು ಮಗು ಕೆಳಗಿನಿಂದ ಓಡಿಬರೋದು, ಅತಿಥಿಗಳು ಸರ್ಟಿಫಿಕೇಟ್ ಹುಡುಕೋದು. ಹೆಸರು ಕರೆಯುವ ಸದ್ದು, ಕೈಗೆ ಕೊಡುವ ಕ್ಷಣ, ಕ್ಯಾಮೆರಾ ಕಡೆ ತಿರುಗುವ ಮುಖ, ಇಷ್ಟಕ್ಕೆ ಆರು ಸೆಕೆಂಡ್ ಸಾಕು. ಒಟ್ಟು ಏಳು ನಿಮಿಷ. ಹೆಸರಿನ ಸದ್ದು ಹಿಂದಿನ ಮಗುವಿನ ಚಿತ್ರದ ಮೇಲೆ ಬೀಳಕೂಡದು. ಅವಸರದಲ್ಲಿ ಕತ್ತರಿಸಿದಾಗ ಇದು ಆಗುತ್ತದೆ, ಆಗ ಒಬ್ಬರ ಬಹುಮಾನ ಇನ್ನೊಬ್ಬರದಾಗಿ ಕಾಣುತ್ತದೆ.

ನಾಡಗೀತೆ ಮತ್ತು ರಾಷ್ಟ್ರಗೀತೆಯನ್ನು ನಡುವೆ ಕತ್ತರಿಸೋದು ಸರಿಯಲ್ಲ. ಇಟ್ಟರೆ ಪೂರ್ತಿ ಇಡಬೇಕು. ನಾಡಗೀತೆ ಎರಡೂವರೆ ನಿಮಿಷ, ರಾಷ್ಟ್ರಗೀತೆ 52 ಸೆಕೆಂಡ್. ಎರಡನ್ನೂ ಇಟ್ಟೆ.

ಕಳಿಸೋದು ಹೇಗೆ ಅನ್ನೋದನ್ನೂ ಮೊದಲೇ ಮಾತಾಡಿಕೊಳ್ಳಬೇಕು. 55 ನಿಮಿಷದ ಫುಲ್ ಎಚ್‌ಡಿ ವಿಡಿಯೋ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ತೆಗೆದರೆ ಸುಮಾರು 1.7 ಜಿಬಿ ಆಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವ ಮನೆಯವರು ಅದನ್ನು ಇಳಿಸಿಕೊಳ್ಳೋದು ಹೇಗೆ? ಅದಕ್ಕೇ ಪೂರ್ತಿ ವಿಡಿಯೋ ಶಾಲೆಯ ಪೆನ್‌ಡ್ರೈವಿಗೆ, ಪ್ರತಿ ತರಗತಿಯ ಭಾಗ ಮಾತ್ರ ಆಯಾ ತರಗತಿಯ ವಾಟ್ಸಾಪ್ ಗುಂಪಿಗೆ. ಐದು ನಿಮಿಷದ ತುಂಡು 2 ಮೆಗಾಬಿಟ್‌ನಲ್ಲಿ 75 ಎಂಬಿ ಮಾತ್ರ. ಅದನ್ನು ವಿಡಿಯೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲದಿದ್ದರೆ ವಾಟ್ಸಾಪ್ ಮತ್ತೆ ಹಿಂಡಿ ಮುಖಗಳೆಲ್ಲ ಮಸುಕಾಗುತ್ತವೆ. ಯೂಟ್ಯೂಬ್‌ಗೆ ಹಾಕೋಣ ಅಂದಾಗ ನಾನು ಬೇಡ ಅಂದೆ. ಸಿನಿಮಾ ಹಾಡುಗಳಿಗೆ ಹಕ್ಕಿನ ತಕರಾರು ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಲಿಂಕ್ ಇದ್ದವರು ಮಾತ್ರ ನೋಡುವ ಹಾಗೆ ಇಟ್ಟರೂ ಆ ಲಿಂಕ್ ಯಾರಿಂದ ಯಾರಿಗೆ ಹೋಗುತ್ತೋ ಹೇಳಲಾಗದು. ಚಿಕ್ಕ ಮಕ್ಕಳ ಮುಖ, ಹೆಸರು, ಶಾಲೆ ಮೂರೂ ಒಂದೇ ಕಡೆ ಇರುತ್ತವೆ.

ಕೊಡುವ ಮೊದಲು ಹಾಜರಿ ಹಾಕುತ್ತೇನೆ. ಟೀಚರ್ ಕೊಟ್ಟ ಹೆಸರಿನ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಎಡಿಟ್ ಆದ ವಿಡಿಯೋ ಓಡಿಸುತ್ತಾ ಪ್ರತಿ ಮಗುವಿಗೂ ಟಿಕ್. ಕನಿಷ್ಠ ಎರಡು ಸೆಕೆಂಡ್ ಮುಖ ಕಂಡರೆ ಮಾತ್ರ ಟಿಕ್. ನನಗೆ ಮಕ್ಕಳ ಪರಿಚಯ ಇಲ್ಲದ್ದರಿಂದ ಆ ಸಂಜೆ ಟೀಚರ್ ಕೂಡ ನಮ್ಮ ಅಂಗಡಿಗೆ ಬಂದು ಕೂತರು. ಎಲ್ಲಾ ಟಿಕ್ ಆಗಿ ಒಂದು ಹೆಸರು ಉಳಿಯಿತು. ನಾಲ್ಕನೇ ತರಗತಿಯ ಹುಡುಗ. ಒಂದೇ ಕುಣಿತದಲ್ಲಿದ್ದ. ಹಾಡು ಮುಗಿಯುವ ತನಕ ಅವನ ಮುಖದ ಮುಂದೆ ಮೈಕ್ ಸ್ಟ್ಯಾಂಡ್. ಕ್ಯಾಮೆರಾ ಒಂದೇ, ಅದೂ ಅಲುಗಾಡದೆ ನಿಂತಿತ್ತು. ನಾನು ತೆಗೆದುಹಾಕಿದ ಭಾಗವನ್ನೆಲ್ಲ ಮತ್ತೆ ಹುಡುಕಿದೆವು. ಅಲ್ಲೂ ಇಲ್ಲ. ಬಹುಮಾನವೂ ಬಂದಿರಲಿಲ್ಲ.

ಕೊನೆಗೆ ಟೀಚರ್, ‘ಸರ್, ರಾಷ್ಟ್ರಗೀತೆಗೆ ಎಲ್ಲರೂ ಸ್ಟೇಜ್ ಮೇಲೆ ಬಂದಿದ್ರು, ಅಲ್ವಾ?’ ಅಂದರು. ಹಾಕಿ ನೋಡಿದೆವು. ಬಲಗಡೆಯಿಂದ ಮೂರನೆಯವನು, ಕುಣಿತದ ಬಟ್ಟೆಯಲ್ಲೇ, ನೆಟ್ಟಗೆ ನಿಂತಿದ್ದಾನೆ. ಪೂರಾ 52 ಸೆಕೆಂಡ್ ಅವನ ಮುಖ ಸ್ಪಷ್ಟವಾಗಿ ಕಾಣುತ್ತದೆ. ಟೀಚರ್ ಪೆನ್ನು ತೆಗೆದು ತಾವೇ ಟಿಕ್ ಹಾಕಿದರು. ಆ ಭಾಗವನ್ನು ನಾಲ್ಕನೇ ತರಗತಿಯ ತುಂಡಿನ ಕೊನೆಗೂ ಸೇರಿಸಿ ಕಳಿಸಿದೆ.